ಲೋಟ ಸೋರುತ್ತಿದೆ, ರೆಸಲ್ಯೂಷನ್ ಏರಿಸಲೇ?

ಪ್ರಶ್ನೆ: ಸರ್, ನಾನು ಡೊಂಬಿವಲಿಯಲ್ಲಿದ್ದೇನೆ, ಬ್ಲೆಂಡರ್ ಅನ್ನುವ 3ಡಿ ಅನಿಮೇಷನ್ ಸಾಫ್ಟ್‌ವೇರ್ ಹಿಡಿದು ಒಂದೂವರೆ ವರ್ಷ. ಮುಲುಂಡಿನಲ್ಲಿ ಅಪ್ಪನ ಹೋಟೆಲಿದೆ. ಕೌಂಟರಿನ ಮೇಲಿರುವ ಟಿವಿಗೆ ನಾಲ್ಕು ಸೆಕೆಂಡಿನ ಶಾಟ್ ಬೇಕು. ಗಾಜಿನ ಲೋಟಕ್ಕೆ ನೀರು ಸುರಿಯುವುದು, ಅಷ್ಟೇ. ಟೇಬಲ್, ಜಗ್, ಲೋಟ ಎಲ್ಲ ಒಳಗೆ ಬರಲಿ ಅಂತ ನೀರಿನ ಲೆಕ್ಕ ನಡೆಯುವ ಡಬ್ಬ, ಅಂದರೆ ಡೊಮೇನ್, ಒಂದು ಮೀಟರಿನದು ಇಟ್ಟೆ. ರೆಸಲ್ಯೂಷನ್ 64ರಲ್ಲಿ ನೀರು ಉಂಡೆ ಉಂಡೆಯಾಗಿ ಬಿದ್ದು ಲೋಟದ ಗೋಡೆ ದಾಟಿ ಹೊರಗೆ ಬಂತು. 256 ಮಾಡಿ, ಒಂದೊಂದು ಫ್ರೇಮಿನ ನೀರಿನ ಲೆಕ್ಕ ಹಾಕಿ ಉಳಿಸುವ ಬೇಕ್‌ಗೆ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ 41ನೇ ಫ್ರೇಮಿನಲ್ಲಿ ನಿಂತಿತ್ತು, ಆಗಲೂ ಸೋರುತ್ತಿತ್ತು. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದ ಮೇಲೆ ಆ 41 ಫ್ರೇಮೂ ಇಲ್ಲ. 512 ಹಾಕು, ಗ್ರಾಫಿಕ್ಸ್ ಕಾರ್ಡ್ ತಗೋ ಅನ್ನುತ್ತಾರೆ ಗೆಳೆಯರು. ತಗೊಳ್ಳಲೇ?

ಉತ್ತರ: ಕಾರ್ಡ್ ಬೇಡ. ಕನಿಷ್ಠ ಈ ಕೆಲಸಕ್ಕೆ ಬೇಡ. ಬ್ಲೆಂಡರಿನಲ್ಲಿ ನೀರಿನ ಲೆಕ್ಕ ಮಾಡುವುದು ಮಾಂಟಾಫ್ಲೋ. 2020ರ ಫೆಬ್ರವರಿಯಲ್ಲಿ 2.82 ಆವೃತ್ತಿಯ ಜೊತೆ ಬಂದದ್ದು. ಅದು ಓಡುವುದು ಸಿಪಿಯು ಮೇಲೆ. ನೀವು ಎಂಥ ಕಾರ್ಡ್ ತಂದರೂ ಬೇಕ್ ಒಂದು ನಿಮಿಷವೂ ಬೇಗ ಮುಗಿಯುವುದಿಲ್ಲ. ಕಾರ್ಡ್ ಕೆಲಸಕ್ಕೆ ಬರುವುದು ಆಮೇಲೆ, ಬ್ಲೆಂಡರಿನ ರೆಂಡರ್ ಎಂಜಿನ್ ಆದ ಸೈಕಲ್ಸ್‌ನಲ್ಲಿ ರೆಂಡರ್ ಮಾಡುವಾಗ.

512ರ ಮಾತನ್ನು ಸ್ವಲ್ಪ ನಿಧಾನವಾಗಿ ನೋಡೋಣ, ನಿಮ್ಮ ಲೋಟ ಸೋರುವ ಕಾರಣವೂ ಅಲ್ಲೇ ಇದೆ.

Resolution Divisions ಅನ್ನುವ ಅಂಕೆಯನ್ನು ಎಲ್ಲರೂ ಫೋಟೋದ ರೆಸಲ್ಯೂಷನ್‌ನಂತೆ ಓದುತ್ತಾರೆ: ಜಾಸ್ತಿಯಿದ್ದಷ್ಟೂ ಚೊಕ್ಕ. ಅದು ಹೇಳುವುದು ಬೇರೆ. ಡೊಮೇನಿನ ಅತಿ ಉದ್ದದ ಬದಿಯನ್ನು ಎಷ್ಟು ತುಂಡು ಮಾಡಬೇಕು ಅನ್ನುವುದಷ್ಟೇ ಅದರ ಅರ್ಥ. ನಿಮ್ಮದು ಒಂದು ಮೀಟರಿನ ಡಬ್ಬ. 64 ತುಂಡು ಮಾಡಿದರೆ ಒಂದೊಂದು ಪುಟ್ಟ ಘನ, ಅಂದರೆ ವಾಕ್ಸೆಲ್, 15.6 ಮಿ.ಮೀ. 256 ಮಾಡಿದರೆ 3.9 ಮಿ.ಮೀ. ಗಾಜಿನ ಲೋಟದ ಗೋಡೆ ಸಾಮಾನ್ಯವಾಗಿ 2 ಮಿ.ಮೀ. ಆಸುಪಾಸು. ರಂಗೋಲಿಯ ಚುಕ್ಕಿಗಳನ್ನು ನೆನಪು ಮಾಡಿಕೊಳ್ಳಿ. ಎರಡು ಚುಕ್ಕಿಗಳ ನಡುವೆ ಅಡಗಿಹೋಗುವಷ್ಟು ಸಣ್ಣ ವಸ್ತು ಆ ಲೆಕ್ಕದಲ್ಲಿ ಸರಿಯಾಗಿ ಬರುವುದೇ ಇಲ್ಲ. ರಾತ್ರಿಯಿಡೀ ಬೇಕ್ ಆದ ಮೇಲೂ ನಿಮ್ಮ ಲೋಟದ ಗೋಡೆ ಅರ್ಧ ವಾಕ್ಸೆಲ್ ದಪ್ಪವಿತ್ತು. ಮಾಂಟಾಫ್ಲೋ ಕಣ್ಣಿಗೆ ಅದು ಕೆಲವು ಕಡೆ ಗೋಡೆ, ಕೆಲವು ಕಡೆ ತೂತು.

512 ಹಾಕಿದರೆ ವಾಕ್ಸೆಲ್ 1.95 ಮಿ.ಮೀ. ಆಗುತ್ತದೆ, ಗೋಡೆ ಒಂದೇ ವಾಕ್ಸೆಲ್. ಆಗಲೂ ಸೋರುವ ಸಂಭವ ಇದೆ. ಆದರೆ ವಾಕ್ಸೆಲ್‌ಗಳ ಸಂಖ್ಯೆ ಎಂಟು ಪಟ್ಟು ಏರಿ 13 ಕೋಟಿ ದಾಟುತ್ತದೆ. ಅಂಕೆ ಎರಡು ಪಟ್ಟಾದಾಗ ಉದ್ದ, ಅಗಲ, ಎತ್ತರ ಮೂರೂ ಎರಡು ಪಟ್ಟಾಗುತ್ತವಲ್ಲ. 41ನೇ ಫ್ರೇಮಿಗೆ ನಿಂತ ಲ್ಯಾಪ್‌ಟಾಪ್ ಇದರಲ್ಲಿ ಹತ್ತನೇ ಫ್ರೇಮನ್ನೂ ಮುಟ್ಟಲಾರದು.

ಹಾಗಾಗಿ ನಾನು ರೆಸಲ್ಯೂಷನ್ ಅಂಕೆಯಿಂದ ಶುರುಮಾಡುವುದೇ ಇಲ್ಲ. ಶಾಟ್‌ನಲ್ಲಿ ಅತಿ ಸಣ್ಣ ನೀರು ಯಾವುದು ಅಂತ ಮೊದಲು ಕೇಳಿಕೊಳ್ಳುತ್ತೇನೆ. ಸುರಿಯುವ ಶಾಟ್‌ನಲ್ಲಿ ಅದು ನೀರಿನ ಧಾರೆ. ಅಡುಗೆಮನೆಗೆ ಹೋಗಿ ಜಗ್ಗಿನಿಂದ ಸುರಿದು ನೋಡಿ. ಮೂತಿಯ ಬಳಿ ದಪ್ಪಗಿದ್ದ ಧಾರೆ ಕೆಳಗೆ ಬಂದಂತೆ ತೆಳ್ಳಗಾಗುತ್ತದೆ, ಯಾಕೆಂದರೆ ಬೀಳುತ್ತ ವೇಗ ಏರುತ್ತದೆ ಮತ್ತು ಅಷ್ಟೇ ನೀರು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಮೂತಿಯಲ್ಲಿ 8 ಮಿ.ಮೀ. ಇದ್ದು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೊರಟ ಧಾರೆ 14 ಸೆಂ.ಮೀ. ಬಿದ್ದ ಮೇಲೆ ಸುಮಾರು 1.9 ಮೀಟರ್ ವೇಗಕ್ಕೆ ಬಂದಿರುತ್ತದೆ, ಅಗಲ 6 ಮಿ.ಮೀ.ಗಿಂತ ತುಸು ಕಡಿಮೆ. ಆ ತೆಳು ಜಾಗದಲ್ಲಿ ನಾಲ್ಕೈದು ವಾಕ್ಸೆಲ್ ಸಿಕ್ಕರೆ ಧಾರೆ ಧಾರೆಯಾಗಿ ಉಳಿಯುತ್ತದೆ. ಎರಡಕ್ಕೆ ಇಳಿದರೆ ನೀವು ಕಂಡ ಉಂಡೆಗಳು. ಅಂದರೆ ನಮಗೆ ಬೇಕಾದ ವಾಕ್ಸೆಲ್ 1.2 ಮಿ.ಮೀ.

ಈಗ ಡೊಮೇನನ್ನು ಕುಗ್ಗಿಸಿ. ಟೇಬಲ್ ಒಳಗಿರಬೇಕಿಲ್ಲ. ಜಗ್ ಅಂತೂ ಬೇಡವೇ ಬೇಡ, ಅದರ ಮೂತಿಯ ಬಾಯಲ್ಲಿ ಅಡಗಿಸಿಟ್ಟ 8 ಮಿ.ಮೀ. ಅಗಲದ ಒಂದು ಸಣ್ಣ ಗುಂಡು ನೀರು ಬಿಟ್ಟರೆ ಸಾಕು. ಅದಕ್ಕೆ Flow Behavior ಅನ್ನು Inflow ಇಡಿ. ಲೋಟ 12 ಸೆಂ.ಮೀ. ಎತ್ತರ, 7 ಸೆಂ.ಮೀ. ಅಗಲ ಅಂದುಕೊಳ್ಳೋಣ. ಡೊಮೇನ್ 10 × 10 × 24 ಸೆಂ.ಮೀ. ಸಾಕು. ಅತಿ ಉದ್ದದ ಬದಿ 24. ಅದನ್ನು 200 ತುಂಡು ಮಾಡಿದರೆ ಸರಿಯಾಗಿ 1.2 ಮಿ.ಮೀ. ಒಟ್ಟು ವಾಕ್ಸೆಲ್ 83 × 83 × 200, ಸುಮಾರು 14 ಲಕ್ಷ. ನೀವು ರಾತ್ರಿಯಿಡೀ ಓಡಿಸಿದ್ದರಲ್ಲಿ 1 ಕೋಟಿ 67 ಲಕ್ಷ ಇತ್ತು. ಅಂಕೆ 256ರಿಂದ 200ಕ್ಕೆ ಇಳಿಯಿತು, ಕೆಲಸ ಹನ್ನೆರಡರಲ್ಲಿ ಒಂದು ಪಾಲಾಯಿತು, ನೀರು ಮಾತ್ರ ಮೂರು ಪಟ್ಟು ನಯವಾಯಿತು.

ಲೆಕ್ಕ ಹಾಕಲು ಬೇಜಾರಾದರೆ ಡೊಮೇನನ್ನು ಆಯ್ಕೆ ಮಾಡಿ, ಇದನ್ನು ಪೈಥಾನ್ ಕನ್ಸೋಲಿಗೆ ಅಂಟಿಸಿ. ವಾಕ್ಸೆಲ್ ಎಷ್ಟು ಮಿಲಿಮೀಟರ್ ಅಂತ ಹೇಳುತ್ತದೆ:

```python
import bpy
d = bpy.context.object
n = d.modifiers["Fluid"].domain_settings.resolution_max
print(max(d.dimensions) / n * 1000)
```

ಡೊಮೇನಿನೊಳಗೆ ಲೋಟದ ಸುತ್ತ ಒಂದೊಂದು ಸೆಂಟಿಮೀಟರಾದರೂ ಖಾಲಿ ಬಿಡಿ, ಮತ್ತು Border Collisions ಪಟ್ಟಿಯಲ್ಲಿ ನಾಲ್ಕು ಪಕ್ಕಗಳ ಗುರುತು ತೆಗೆಯಿರಿ. ಇಲ್ಲದಿದ್ದರೆ ಹೊರಗೆ ಸಿಡಿದ ಹನಿ ಗಾಳಿಯಲ್ಲಿ ಕಾಣದ ಗೋಡೆಗೆ ಬಡಿದು ಜಾರುತ್ತದೆ. ಕ್ಲೈಂಟ್ ಕಣ್ಣಿಗೆ ಮೊದಲು ಬೀಳುವುದು ಅದೇ.

1.2 ಮಿ.ಮೀ. ಬಂದರೂ 2 ಮಿ.ಮೀ. ಗೋಡೆಗೆ ಎರಡು ವಾಕ್ಸೆಲ್ ಕೂಡ ಸಿಗಲಿಲ್ಲ, ಸೋರುವುದು ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಅದಕ್ಕೇ ನಿಜವಾದ ಲೋಟವನ್ನು ಸಿಮ್ಯುಲೇಷನ್ನಿಗೆ ಕೊಡಲೇಬಾರದು. ನಮ್ಮ ಕೆಲಸದಲ್ಲಿ ಎಲ್ಲರೂ ಒಂದು ಡಮ್ಮಿ ಲೋಟ ಮಾಡುತ್ತಾರೆ. ಒಳಗಿನ ಆಕಾರ ನಿಮ್ಮ ಲೋಟದ್ದೇ, ಗೋಡೆ ಮಾತ್ರ ಹೊರಮುಖವಾಗಿ 1 ಸೆಂ.ಮೀ. ದಪ್ಪ, ತಳವೂ ಅಷ್ಟೇ. ನೋಡಲು ಒರಳಿನ ಹಾಗಿರುತ್ತದೆ. ನೀರನ್ನು ತಡೆಯುವ ವಸ್ತು ಅದೇ ಅಂತ ಹೇಳಲು ಅದಕ್ಕೆ Effector ಕೊಡಿ. ಚೆಂದದ ಗಾಜಿನ ಲೋಟಕ್ಕೆ ಫಿಸಿಕ್ಸ್ ಟ್ಯಾಬಿನಲ್ಲಿ ಏನೂ ಹಾಕಬೇಡಿ, ಅದು ರೆಂಡರಿಗೆ ಮಾತ್ರ. ಒರಳಿನ ಕ್ಯಾಮೆರಾ ಐಕಾನ್ ಆರಿಸಿ ರೆಂಡರಿನಿಂದ ಮರೆಮಾಡಿ. ವ್ಯೂಪೋರ್ಟಿನಲ್ಲಿ ಮಾತ್ರ ಪೂರ್ತಿ ಆರಿಸಬೇಡಿ, ತಂತಿಯಂತೆ ಕಾಣುವ ಹಾಗೆ Display As ಅನ್ನು Wire ಇಟ್ಟರೆ ಸಾಕು.

ಒರಳಿನ ಒಳಮೈಯನ್ನು ಗಾಜಿನ ಒಳಮೈಗಿಂತ ಅರ್ಧ ವಾಕ್ಸೆಲ್, ಅಂದರೆ 0.6 ಮಿ.ಮೀ.ನಷ್ಟು ದೊಡ್ಡದು ಮಾಡಿ. ಕಾರಣ ರೆಂಡರಿನಲ್ಲಿ ಗೊತ್ತಾಗುತ್ತದೆ. ಸಿಮ್ಯುಲೇಷನ್ನಿನ ನೀರು ಗೋಡೆಗೆ ಅಂಟಿ ನಿಲ್ಲುವುದಿಲ್ಲ, ಕೂದಲೆಳೆಯಷ್ಟು ಗಾಳಿಯ ಸಂದು ಉಳಿಯುತ್ತದೆ. ಗಾಜು, ಗಾಳಿ, ನೀರು ಅಂತ ಬೆಳಕು ಮೂರು ಸಲ ಬಾಗಿ, ಆ ಸಂದು ಕನ್ನಡಿಯಂತೆ ಮಿನುಗುತ್ತದೆ. ನೀರು ಲೋಟದಲ್ಲಿ ಇದ್ದಂತೆ ಅಲ್ಲ, ಲೋಟದೊಳಗೆ ಇನ್ನೊಂದು ಪ್ಲಾಸ್ಟಿಕ್ ಲೋಟ ಇಟ್ಟಂತೆ ಕಾಣುತ್ತದೆ. ನೀರಿನ ಮೇಲ್ಮೈ, ಅಂದರೆ ಮೆಶ್, ಗಾಜಿನ ಒಳಕ್ಕೆ ತುಸು ನುಗ್ಗಿದ್ದರೆ ಈ ಮಿನುಗು ಹೋಗುತ್ತದೆ. ಬೆಳಕು ಎಷ್ಟು ಬಾಗುತ್ತದೆ ಅನ್ನುವ IOR ಅನ್ನು ನೀರಿಗೆ 1.33, ಗಾಜಿಗೆ 1.5 ಕೊಡಿ.

ಎಲ್ಲದಕ್ಕೂ ಮೊದಲು ಡೊಮೇನ್, ಒರಳು, ಗುಂಡು ಮೂರಕ್ಕೂ Ctrl+A ಒತ್ತಿ Scale ಅನ್ವಯಿಸಿ, ಎಡಿಟ್ ಮೋಡಿನಲ್ಲಿ Shift+N ಒತ್ತಿ ಮುಖಗಳನ್ನು ಹೊರಕ್ಕೆ ತಿರುಗಿಸಿ. ಮುಖ ಒಳಕ್ಕೆ ತಿರುಗಿದ್ದರೆ ಮಾಂಟಾಫ್ಲೋಗೆ ಒರಳಿನ ಒಳಗು ಯಾವುದು, ಹೊರಗು ಯಾವುದು ತಿಳಿಯದು. ಒಮ್ಮೆ ಶನಿವಾರ ಸಂಜೆ ಬೇಕ್‌ಗೆ ಬಿಟ್ಟು ಊರಿಗೆ ಹೋಗುವ ಕೊಂಕಣ ರೈಲು ಹತ್ತಿದ್ದೆ. ಕುಂದಾಪುರದಿಂದ ಮರಳಿ ಗೋರೆಗಾಂವ್‌ಗೆ ಬಂದು ನೋಡಿದರೆ ಇನ್ನೂರು ಫ್ರೇಮ್ ಪೂರ್ತಿ ನೀರು ಲೋಟದ ತಳವನ್ನೇ ನುಂಗಿಕೊಂಡು ಕೂತಿತ್ತು. ಎರಡು ಗುಂಡಿ ಒತ್ತಿದ್ದರೆ ಮುಗಿಯುತ್ತಿದ್ದ ಕೆಲಸ.

ಇನ್ನು ವೇಗ. ಇದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಸೆಕೆಂಡಿಗೆ 1.9 ಮೀಟರ್ ಓಡುವ ನೀರು 24 ಫ್ರೇಮಿನ ಲೆಕ್ಕದಲ್ಲಿ ಒಂದೇ ಫ್ರೇಮಿಗೆ 8 ಸೆಂ.ಮೀ. ಹಾರುತ್ತದೆ. ನಮ್ಮ 1.2 ಮಿ.ಮೀ. ವಾಕ್ಸೆಲ್ಲಿನಲ್ಲಿ ಅದು 67 ವಾಕ್ಸೆಲ್. ಮಾಂಟಾಫ್ಲೋ ಒಂದು ಫ್ರೇಮನ್ನು ತುಂಡು ಮಾಡಿ ಲೆಕ್ಕ ಹಾಕುತ್ತದೆ, ಆದರೆ Timesteps Maximum ಮೊದಲಿಗೆ ಇರುವುದು 4. ಒಂದೊಂದು ತುಂಡಿಗೆ ಹದಿನೇಳು ವಾಕ್ಸೆಲ್ ಜಿಗಿತ. ಹಾಗೆ ಜಿಗಿಯುವ ನೀರು ಸಿಡಿದು ಚೆಲ್ಲಾಪಿಲ್ಲಿಯಾಗುತ್ತದೆ, ತೆಳು ಗೋಡೆಯಿದ್ದರೆ ದಾಟಿಯೇ ಹೋಗುತ್ತದೆ. ರೆಸಲ್ಯೂಷನ್ ಏರಿಸಿದಷ್ಟೂ ವಾಕ್ಸೆಲ್ ಸಣ್ಣದಾಗಿ ಈ ಜಿಗಿತ ದೊಡ್ಡದಾಗುತ್ತದೆ. ಹಾಗಾಗಿ ಅಂಕೆ ಏರಿಸಿದ ಮೇಲೂ ಕೆಲವೊಮ್ಮೆ ನೀರು ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ.

ಎರಡು ದಾರಿಗಳಿವೆ. ಒಂದು, Timesteps Maximum ಅನ್ನು ಮೂವತ್ತರ ಹತ್ತಿರ ಒಯ್ಯುವುದು. ಬೇಕ್ ಸಮಯವೂ ಅದರ ಜೊತೆಗೇ ಏರುತ್ತದೆ. ಇನ್ನೊಂದು ಜಾಹೀರಾತಿನವರ ದಾರಿ. ಟಿವಿಯಲ್ಲಿ ನೀವು ಕಾಣುವ ನೀರು, ಹಾಲು, ಶರಬತ್ತಿನ ಶಾಟ್‌ಗಳಲ್ಲಿ ಹೆಚ್ಚಿನವು ಸ್ಲೋ ಮೋಷನ್. ನಿಜವಾದ ವೇಗದಲ್ಲಿ ಸುರಿದರೆ ಕಣ್ಣಿಗೆ ಏನೂ ಹತ್ತುವುದಿಲ್ಲ. Time Scale ಅನ್ನು 0.25 ಇಟ್ಟರೆ ಶಾಟ್ ಚೆಂದವಾಗುತ್ತದೆ, ಜೊತೆಗೆ ಫ್ರೇಮಿಗೆ 67 ಇದ್ದ ಜಿಗಿತ 17ಕ್ಕೆ ಇಳಿಯುತ್ತದೆ. ಒಂದು ತುಂಡಿನಲ್ಲಿ ನೀರು ಎಷ್ಟು ವಾಕ್ಸೆಲ್ ದಾಟಬಹುದು ಅನ್ನುವ CFL Number ಅನ್ನು 2 ಇಟ್ಟು Timesteps Maximum ಅನ್ನು 8ಕ್ಕೆ ಏರಿಸಿದರೆ ತುಂಡಿಗೆ ಎರಡೇ ವಾಕ್ಸೆಲ್. ನಾನು ನಿಮ್ಮ ಜಾಗದಲ್ಲಿದ್ದರೆ ಎರಡನೆಯದನ್ನೇ ಹಿಡಿಯುತ್ತೇನೆ.

ಆದರೆ ನಾಲ್ಕು ಸೆಕೆಂಡಿನಲ್ಲಿ ಲೋಟ ತುಂಬುವುದಿಲ್ಲ. 8 ಮಿ.ಮೀ. ಧಾರೆ ಸೆಕೆಂಡಿಗೆ 1 ಮೀಟರಿನಂತೆ ಹರಿದರೆ ಒಂದು ಸೆಕೆಂಡಿಗೆ 50 ಮಿ.ಲೀ. ನೀರು. ಕಾಲು ವೇಗದಲ್ಲಿ ನಿಮ್ಮ 96 ಫ್ರೇಮ್ ಅಂದರೆ ನಿಜವಾದ ಒಂದು ಸೆಕೆಂಡ್, ಅಷ್ಟೇ 50 ಮಿ.ಲೀ. ಒಳಗಿನ ಅಗಲ 6.6 ಸೆಂ.ಮೀ. ಇರುವ ಲೋಟದಲ್ಲಿ ಅದು ಒಂದೂವರೆ ಸೆಂಟಿಮೀಟರ್ ಏರಿಕೆ. ಪೂರ್ತಿ ತುಂಬಿಸುತ್ತ ಹೋದರೆ ಏಳುನೂರಕ್ಕೂ ಹೆಚ್ಚು ಫ್ರೇಮ್ ಬೇಕ್ ಮಾಡಬೇಕಾದೀತು. ಬೇಡ. ಲೋಟದಲ್ಲಿ ಮೊದಲೇ 5 ಸೆಂ.ಮೀ. ನೀರಿಡಿ. ಅಷ್ಟೆತ್ತರದ ಒಂದು ಸಿಲಿಂಡರಿಗೆ Flow Behavior ಅನ್ನು Geometry ಕೊಟ್ಟರೆ ಅದು ಮೊದಲ ಫ್ರೇಮಿನಲ್ಲೇ ನೀರಾಗಿ ಕೂರುತ್ತದೆ. ಶಾಟ್ 5ರಲ್ಲಿ ಶುರುವಾಗಿ ಆರೂವರೆಯಲ್ಲಿ ಮುಗಿಯುತ್ತದೆ. ನೋಡುವವರಿಗೆ ಲೋಟ ತುಂಬುತ್ತಿದೆ ಅನ್ನಿಸಲು ಅಷ್ಟು ಸಾಕು.

ಗುಂಡಿಗೆ ಕೊಡುವ Initial Velocity ಎಷ್ಟು ಅಂತ ಸೂತ್ರ ಹಾಕುತ್ತ ಕೂರಬೇಡಿ, ಫ್ರೇಮ್ ಎಣಿಸಿ. ಮೂತಿಯಿಂದ 14 ಸೆಂ.ಮೀ. ಕೆಳಗಿನ ನೀರಿನ ಮೈಗೆ ಧಾರೆಯ ತುದಿ ನಿಜದಲ್ಲಿ ಸೆಕೆಂಡಿನ ಹತ್ತನೇ ಒಂದು ಪಾಲಿನೊಳಗೆ ಮುಟ್ಟುತ್ತದೆ. ಕಾಲು ವೇಗದಲ್ಲಿ ಅದು ಸುಮಾರು 9 ಫ್ರೇಮ್. ನಿಮ್ಮಲ್ಲಿ 30 ಫ್ರೇಮ್ ಹಿಡಿದರೆ ನೋಡುವವರಿಗೆ ನೀರಲ್ಲ, ನಿಧಾನ ಇಳಿಯುವ ಜೇನು. "ಸಣ್ಣ ಲೋಟದಲ್ಲಿ ಸಿಮ್ ಸರಿ ಬರಲ್ಲ, ಹತ್ತು ಪಟ್ಟು ದೊಡ್ಡದು ಮಾಡಿ" ಅನ್ನುವ ಸಲಹೆ ಕೇಳಿದವರಿಗೆ ಆಗುವುದು ಇದೇ. ಹತ್ತು ಪಟ್ಟು ಎತ್ತರದಿಂದ ಬೀಳಲು ಮೂರು ಪಟ್ಟಿಗಿಂತ ತುಸು ಹೆಚ್ಚು ಹೊತ್ತು ಬೇಕು, ಅಷ್ಟು ಪಟ್ಟು Time Scale ಏರಿಸದಿದ್ದರೆ ಲೋಟ ನೀರಿನ ಟ್ಯಾಂಕಿನಂತೆ ಕಾಣುತ್ತದೆ.

ಈಗ ಬೇಕ್. ನಿಮ್ಮ 41 ಫ್ರೇಮ್ ಹೋದದ್ದು ಹೇಗೆಂದರೆ, ಫೈಲ್ ಸೇವ್ ಮಾಡುವ ಮುನ್ನವೇ ಡೊಮೇನ್ ಮಾಡಿರುತ್ತೀರಿ. ಆಗ ಬೇಕ್ ಆದ ಫ್ರೇಮುಗಳ ಕ್ಯಾಶ್ ಹೋಗಿ ಕೂರುವುದು ಕಂಪ್ಯೂಟರಿನ ತಾತ್ಕಾಲಿಕ ಫೋಲ್ಡರಿನಲ್ಲಿ, ಅದು ಗುಡಿಸಿಹೋಗುವ ಜಾಗ. ಮೊದಲು ಫೈಲ್ ಸೇವ್ ಮಾಡಿ, ಆಮೇಲೆ Cache ಪಟ್ಟಿಯಲ್ಲಿ ದಾರಿಯನ್ನು ನೀವೇ ಬರೆಯಿರಿ:

```
//cache_lota_200
```

ಎರಡು ಓರೆಗೆರೆ ಅಂದರೆ ಬ್ಲೆಂಡ್ ಫೈಲ್ ಇರುವ ಫೋಲ್ಡರ್. ರೆಸಲ್ಯೂಷನ್ ಬದಲಾದಾಗಲೆಲ್ಲ ಹೊಸ ಹೆಸರು ಕೊಡಿ, ಹಳೆಯ ಪರೀಕ್ಷೆ ಉಳಿದಿರುತ್ತದೆ. Type ಅನ್ನು Replay ಇಂದ Modular ಗೆ ಬದಲಿಸಿ, Is Resumable ಗುರುತು ಹಾಕಿ. ಆಗ ಮಧ್ಯೆ ನಿಲ್ಲಿಸಿದರೂ ನಿಂತಲ್ಲಿಂದ ಮುಂದುವರಿಸಬಹುದು. End ಫ್ರೇಮ್ ಮೊದಲಿಗೆ 250 ಇರುತ್ತದೆ, ಅದನ್ನು 96 ಮಾಡಲು ಮರೆಯಬೇಡಿ. ಲ್ಯಾಪ್‌ಟಾಪ್ ನಿದ್ದೆಗೆ ಜಾರದಂತೆ ಪವರ್ ಸೆಟ್ಟಿಂಗ್ ನೋಡಿ. ಹಗಲು ಅಪ್ಪನ ಹೋಟೆಲಿನ ಹಿಂದಿನ ಸೆಕೆಯ ಕೋಣೆಯಲ್ಲಿಟ್ಟು ಓಡಿಸಬೇಡಿ, ಬಿಸಿಯಾದರೆ ಸಿಪಿಯು ತಾನೇ ನಿಧಾನವಾಗುತ್ತದೆ.

ಮೊದಲ ಬೇಕ್ 100ರಲ್ಲಿ ಮಾಡಿ. ವಾಕ್ಸೆಲ್ 2.4 ಮಿ.ಮೀ., ಕೆಲಸ ಎಂಟರಲ್ಲಿ ಒಂದು ಪಾಲು. ಇದರಲ್ಲಿ ಮೂರನ್ನೇ ನೋಡಿ: ಒರಳಿನ ಹೊರಗೆ ನೀರು ಬಂತೇ, ಧಾರೆ 9 ಫ್ರೇಮಿನ ಆಸುಪಾಸಿನಲ್ಲಿ ಮುಟ್ಟಿತೇ, ಕೊನೆಗೆ ಮಟ್ಟ ಒಂದೂವರೆ ಸೆಂಟಿಮೀಟರ್ ಏರಿತೇ. ಮಟ್ಟ ಅರ್ಧವೇ ಏರಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಗುಂಡು ಸಾಕಷ್ಟು ನೀರು ಬಿಡುತ್ತಿಲ್ಲ. ಇನ್ನೊಂದು ಪರೀಕ್ಷೆ: Use Flow ಗೆ 59ನೇ ಫ್ರೇಮಿನಲ್ಲಿ ಗುರುತು ಇರುವಾಗ ಒಂದು ಕೀ, 60ನೇ ಫ್ರೇಮಿನಲ್ಲಿ ಗುರುತು ತೆಗೆದು ಇನ್ನೊಂದು ಕೀ ಹಾಕಿ ನಲ್ಲಿ ಮುಚ್ಚಿ. ಗಾಳಿಯಲ್ಲಿದ್ದ ಧಾರೆ ಬಿದ್ದು ಮುಗಿದ ಮೇಲೂ ಮಟ್ಟ ಇಳಿಯುತ್ತಿದ್ದರೆ ತೂತು ಇದೆ ಎಂದೇ ಅರ್ಥ. ಧಾರೆ ಕೆಳಗೆ ಕಡಿದುಹೋದರೆ ಹೆದರಬೇಡಿ, 100ರಲ್ಲಿ ಅದಕ್ಕೆ ಎರಡೇ ವಾಕ್ಸೆಲ್. ಆದರೆ 100ರಲ್ಲಿ ಕಂಡ ಸಿಡಿತವೇ 200ರಲ್ಲಿ ಇನ್ನೂ ನಯವಾಗಿ ಬರುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ. ಅಂಕೆ ಬದಲಾದರೆ ನೀರಿನ ಕುಣಿತವೇ ಬದಲಾಗುತ್ತದೆ.

ಮೂರೂ ಸರಿಯಿದ್ದರೆ 200ರಲ್ಲಿ Bake Data, ಅದು ಮುಗಿದ ಮೇಲೆ Bake Mesh. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳುವ ಲಾಭ ಇಲ್ಲಿ ಸಿಗುತ್ತದೆ. ಧಾರೆ ದಪ್ಪ ಕಂಡರೆ Mesh ಪಟ್ಟಿಯ Particle Radius ಅನ್ನು 2ರಿಂದ 1.5ಕ್ಕೆ ಇಳಿಸಿ, Free Mesh ಒತ್ತಿ ಮೆಶ್ ಮಾತ್ರ ಮತ್ತೆ ಬೇಕ್ ಮಾಡಿ, ನೀರಿನ ಲೆಕ್ಕ ಹಾಗೇ ಇರುತ್ತದೆ. ತೀರಾ ಇಳಿಸಿದರೆ ಮೆಶ್ ತೂತು ಬೀಳುತ್ತದೆ. ಒಂದು ಫ್ರೇಮಿನ ನೀರು ಹಿಂದಿನ ಫ್ರೇಮನ್ನು ನೆಚ್ಚಿಕೊಂಡಿರುವುದರಿಂದ ಬೇಕನ್ನು ಇಬ್ಬರು ಗೆಳೆಯರ ಕಂಪ್ಯೂಟರಿಗೆ ಹಂಚಲು ಆಗುವುದಿಲ್ಲ. ಬೇಕ್ ಆದ ಮೇಲೆ ರೆಂಡರನ್ನು ಹಂಚಬಹುದು, ಕ್ಯಾಶ್ ಫೋಲ್ಡರನ್ನೂ ಜೊತೆಗೆ ಕಳಿಸಬೇಕು.

ಬೇರೆ ಸಾಫ್ಟ್‌ವೇರಿಗೆ ಹೋಗಬಹುದೇ ಅಂದರೆ ಹೋಗಬಹುದು. ಬ್ಲೆಂಡರಿಗೇ ಫ್ಲಿಪ್ ಫ್ಲೂಯಿಡ್ಸ್ ಅನ್ನುವ ಆಡ್‌ಆನ್ ದುಡ್ಡಿಗೆ ಸಿಗುತ್ತದೆ. ಹೂಡಿನಿಯ ಕಲಿಕೆಯ ಆವೃತ್ತಿ ಉಚಿತ, ಆದರೆ ಅದರ ಪರವಾನಗಿ ವ್ಯಾಪಾರದ ಬಳಕೆಗೆ ಅಲ್ಲ, ಹೋಟೆಲಿನ ಟಿವಿ ವ್ಯಾಪಾರವೇ. ಒರಳು ಮತ್ತು ವಾಕ್ಸೆಲ್ಲಿನ ಲೆಕ್ಕ ಅಲ್ಲಿಯೂ ಬಿಡುವುದಿಲ್ಲ. ಕ್ಯಾಮೆರಾ ದೂರದಲ್ಲಿದ್ದರೆ ಸಿಮ್ಯುಲೇಷನ್ನೇ ಬೇಡ, ಕೈಯಲ್ಲಿ ಮಾಡಿದ ಧಾರೆ ಮತ್ತು ಏರುವ ಒಂದು ಸಿಲಿಂಡರ್ ಸಾಕು. ಹತ್ತಿರದ ಶಾಟ್‌ನಲ್ಲಿ ಅದು ಸಿಕ್ಕಿಬೀಳುತ್ತದೆ.

ಬೇಕ್ ಓಡುತ್ತಿರುವಾಗ ನಿಮ್ಮ ಹೋಟೆಲಿನ ಗಾಜಿನ ಲೋಟವೊಂದನ್ನು ಕಿಟಕಿಯ ಬೆಳಕಿಗಿಟ್ಟು, ಅಪ್ಪನ ಕೈಯಲ್ಲಿ ನೀರು ಸುರಿಸಿ, ಫೋನಿನ ಸ್ಲೋ ಮೋಷನ್ನಿನಲ್ಲಿ ಹಿಡಿಯಿರಿ. ಧಾರೆ ಬಿದ್ದ ಜಾಗದ ಕೆಳಗೆ ಬಿಳಿ ಗುಳ್ಳೆಗಳ ಗೊಂಚಲು ಇಳಿದು ಮತ್ತೆ ಮೇಲೇಳುವುದು ಕಾಣುತ್ತದೆ. ನಿಮ್ಮ ಮೆಶ್‌ನಲ್ಲಿ ಅದು ತಾನಾಗಿ ಬರುವುದಿಲ್ಲ. Particles ಪಟ್ಟಿಯಲ್ಲಿ Bubbles ಹಾಕಿ ಬೇರೆಯಾಗಿ ಬೇಕ್ ಮಾಡಬೇಕು. ಅದನ್ನು ನೀರು ಸರಿಯಾದ ಮೇಲೆ, ಕೊನೆಗೆ ಮಾಡಿ.